8085 ಕಿಟ್: ಮೂರು ನಂಬರ್ ಕೂಡಿದರೆ ಪ್ರತಿ ಸಲ ಒಂದೇ ತಪ್ಪು ಉತ್ತರ

ಇಸಿ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಇಸಿ ಡಿಪ್ಲೊಮಾ ಓದುತ್ತಿದ್ದೇನೆ. ನಮ್ಮ ಲ್ಯಾಬಿನ 8085 ಕಿಟ್‌ನಲ್ಲಿ 2000H ನಿಂದ ಮೇಲೆ ರ್‍ಯಾಮ್ ಇದೆ. ಅದರ ಕೆಳಗಿರುವುದು ಮಾನಿಟರ್ ಪ್ರೋಗ್ರಾಮ್ ಇರುವ ಈಪ್ರಾಮ್. 2050H ನಿಂದ ಇಟ್ಟಿರುವ ಮೂರು ನಂಬರ್ ಕೂಡಿಸಿ, ಮೊತ್ತವನ್ನು 2060H ನಲ್ಲಿ ಇಡಬೇಕು. ನಾನು ಬರೆದದ್ದು ಇದು.

```
2000  2A 50 20   LHLD 2050H
2003  0E 03      MVI C,03H
2005  AF         XRA A
2006  86         ADD M
2007  23         INX H
2008  0D         DCR C
2009  C2 06 20   JNZ 2006H
200C  32 60 20   STA 2060H
200F  76         HLT
```

2050H ನಲ್ಲಿ 12H, ಮುಂದಿನದರಲ್ಲಿ 0AH, ಅದರ ಮುಂದೆ 09H ಇಟ್ಟಿದ್ದೇನೆ. 25H ಬರಬೇಕು. ಬರುತ್ತಿರುವುದು 9DH. ರಿಸೆಟ್ ಮಾಡಿದರೂ, ಕಿಟ್ ಆಫ್ ಮಾಡಿ ಮತ್ತೆ ಎಲ್ಲ ಕೀ ಮಾಡಿದರೂ 9DH. ಪಕ್ಕದ ಟೇಬಲ್‌ನ ಕಿಟ್‌ನಲ್ಲೂ ಅದೇ ಬಂತು. ಹಾಗಾಗಿ ಕಿಟ್ ಕೆಟ್ಟಿಲ್ಲ ಅನಿಸುತ್ತದೆ.

ಇನ್ನೊಂದು ಪ್ರಶ್ನೆ ರೆಕಾರ್ಡ್ ಬರೆಯುವಾಗ ಬಂತು. ಕೋಡ್ ಶೀಟ್‌ನಲ್ಲಿ LHLD ಗೆ 16 ಟಿ-ಸ್ಟೇಟ್ ಅಂತ ಇದೆ. ನಮ್ಮ ಬ್ಯಾಚಿನ ಒಬ್ಬರು ಅದೇ ಜಾಗದಲ್ಲಿ LXI H ಹಾಕಿದ್ದಾರೆ, ಅದಕ್ಕೆ 10. ಎರಡೂ ಮೂರು ಬೈಟ್, ಎರಡೂ HL ತುಂಬುತ್ತವೆ. ಹಾಗಿದ್ದ ಮೇಲೆ ಆರು ಟಿ-ಸ್ಟೇಟ್ ಜಾಸ್ತಿ ಯಾಕೆ?

ಹಿರಿಯೂರು ಪಾಲಿ

ಎರಡನೇ ಪ್ರಶ್ನೆಗೆ ಉತ್ತರ ಸುಲಭ. ಇನ್‌ಸ್ಟ್ರಕ್ಷನ್ ಎಷ್ಟು ಬೈಟ್ ಇದೆಯೋ ಅಷ್ಟು ಮಷೀನ್ ಸೈಕಲ್. ಮೊದಲನೆಯದು ಆಪ್‌ಕೋಡ್ ಫೆಚ್, ಅದಕ್ಕೆ 4. ಉಳಿದ ಒಂದೊಂದಕ್ಕೆ 3. ಮೂರು ಬೈಟ್ ಅಂದರೆ 4+3+3, ಹತ್ತು. LHLD ಗೆ 16 ಅಂತ ಇರುವುದು ಪ್ರಿಂಟ್ ತಪ್ಪಿರಬೇಕು.

ಮೊದಲನೆಯದಕ್ಕೆ, ಅಡ್ರೆಸ್ ಉಲ್ಟಾ ಕೀ ಮಾಡಿದ್ದೀರಾ ನೋಡಿ. ಕೆಳಗಿನ ಬೈಟ್ ಮೊದಲು ಬರಬೇಕು.

ಹರಿಹರ 8051

ನನಗೂ ಇದೇ ಆಗಿತ್ತು ರೀ. `MOV A,30H` ಅಂತ ಬರೆದೆ, ಅಕ್ಯುಮುಲೇಟರ್‌ಗೆ 30H ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು 30H ಜಾಗದೊಳಗೆ ಇದ್ದ ನಂಬರ್. `MOV A,#30H` ಅಂದ ಮೇಲೆ ಸರಿಹೋಯಿತು. ನೀವೂ 2050 ಮುಂದೆ `#` ಹಾಕಿ ನೋಡಿ.

ದುರ್ಗದ ಲ್ಯಾಬ್

ಹರಿಹರದವರೇ, ಅವರದು 8085. ಅದರಲ್ಲಿ `#` ಇಲ್ಲ, ಅದೂ ಅಲ್ಲದೆ ಅವರು ಕೈಯಿಂದಲೇ ಹೆಕ್ಸ್ ಕೀ ಮಾಡುತ್ತಿದ್ದಾರೆ. ಆದರೆ ನೀವು ಹೇಳಿದ ರೋಗ ಇಲ್ಲಿರುವ ರೋಗವೇ. 8051 ರಲ್ಲಿ ಆ ಒಂದು ಗುರುತು ಆಪ್‌ಕೋಡನ್ನು E5 ರಿಂದ 74 ಕ್ಕೆ ಬದಲಿಸುತ್ತದೆ. 8085 ರಲ್ಲಿ ಇನ್‌ಸ್ಟ್ರಕ್ಷನ್ ಹೆಸರೇ ಬೇರೆ.

ಹಿರಿಯೂರಿನವರೇ, ಅಡ್ರೆಸ್ ಸರಿಯಾಗಿಯೇ ಇದೆ, 50 20. ನಿಮ್ಮ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ದಾವಣಗೆರೆಯವರಿಗೆ ಮೂರು ಕೆಲಸ. ಒಂದು, 2052H ನಲ್ಲಿರುವ 09H ತೆಗೆದು 19H ಹಾಕಿ ಓಡಿಸಿ. ಎರಡು, ಅದನ್ನು ಮೊದಲಿನಂತೆ ಮಾಡಿ, 2050H ನಲ್ಲಿ 12H ಬದಲು 13H ಹಾಕಿ ಓಡಿಸಿ. ಮೂರು, ಡೇಟಾ ಎಲ್ಲ ಮೊದಲಿನಂತೆ ಇಟ್ಟು, ಸಿಂಗಲ್ ಸ್ಟೆಪ್‌ನಲ್ಲಿ ಮೊದಲ ಇನ್‌ಸ್ಟ್ರಕ್ಷನ್ ಒಂದನ್ನೇ ಮುಗಿಸಿ H ಮತ್ತು L ನಲ್ಲಿ ಏನಿದೆ ಅಂತ ಬರೆಯಿರಿ. ಸುಮ್ನೆ ಉತ್ತರ ಹೇಳಿಬಿಡಬಹುದು, ಆದರೆ ಇದನ್ನು ಕಿಟ್‌ನಲ್ಲೇ ನೋಡುವುದು ಒಳ್ಳೆಯದು.

ಇಸಿ ದಾವಣಗೆರೆ

ಮಾಡಿದೆ ಸರ್. 2052H ಬದಲಿಸಿದರೆ ಏನೂ ಆಗಲಿಲ್ಲ, 9DH ಹಾಗೇ ಇದೆ. 2050H ಬದಲಿಸಿದರೆ 4BH ಬಂತು. ಒಂದು ಜಾಸ್ತಿ ಮಾಡಿದ್ದಕ್ಕೆ ಇಷ್ಟು ಬದಲಾವಣೆ ಹೇಗೆ? ಸಿಂಗಲ್ ಸ್ಟೆಪ್‌ನಲ್ಲಿ H ನಲ್ಲಿ 0A, L ನಲ್ಲಿ 12 ಇದೆ.

ದುರ್ಗದ ಲ್ಯಾಬ್

0A, 12. ಎಲ್ಲೋ ನೋಡಿದ ನಂಬರ್ ಅಲ್ವಾ? ನಿಮ್ಮದೇ ಡೇಟಾದ ಮೊದಲ ಎರಡು ಬೈಟ್.

HL ನಲ್ಲಿ 2050 ಇರಬೇಕು ಅನ್ನುವುದು ನಿಮ್ಮ ಆಸೆ. LHLD ಅದನ್ನು ಮಾಡುವುದಿಲ್ಲ. 2050H ನಲ್ಲಿ ಇರುವುದನ್ನು L ಗೆ, 2051H ನಲ್ಲಿ ಇರುವುದನ್ನು H ಗೆ ತಂದು ಹಾಕುತ್ತದೆ. ಇದು ಡೈರೆಕ್ಟ್ ಅಡ್ರೆಸಿಂಗ್. LXI H ನಲ್ಲಿ ಆ 2050 ಯೇ ಡೇಟಾ, ಅದೇ ನೇರವಾಗಿ HL ಗೆ ಹೋಗುತ್ತದೆ. ಅದು ಇಮಿಡಿಯೆಟ್. ನಿಮ್ಮ ಬ್ಯಾಚಿನವರು LXI ಹಾಕಿದ್ದು ಟೈಮ್ ಉಳಿಸುವುದಕ್ಕಲ್ಲ, ಅವರಿಗೆ ಬೇಕಾಗಿದ್ದ ಕೆಲಸವೇ ಬೇರೆ.

ಈಗ ನಿಮ್ಮ 9DH ನೋಡಿ. HL ನಲ್ಲಿ 0A12 ಇದೆ, ಆದ್ದರಿಂದ `ADD M` ಓದಿದ್ದು 0A12H, 0A13H, 0A14H. ಆ ಜಾಗ ಈಪ್ರಾಮ್‌ನೊಳಗಿದೆ. ಅಲ್ಲಿ ಮಾನಿಟರ್ ಪ್ರೋಗ್ರಾಮಿನ ಬೈಟ್‌ಗಳಿವೆ, ಕರೆಂಟ್ ಹೋದರೂ ಬದಲಾಗುವುದಿಲ್ಲ. ಪ್ರತಿ ಸಲ ಅದೇ ತಪ್ಪು ಬಂದದ್ದು, ಅದೇ ಮಾಡೆಲ್‌ನ ಪಕ್ಕದ ಕಿಟ್‌ನಲ್ಲೂ ಅದೇ ಬಂದದ್ದು ಇದಕ್ಕೇ. ರ್‍ಯಾಮ್‌ನ ಖಾಲಿ ಜಾಗ ಓದಿದ್ದರೆ ಆಫ್ ಮಾಡಿ ಆನ್ ಮಾಡಿದಾಗ ಉತ್ತರ ಬೇರೆ ಆಗುವ ಸಾಧ್ಯತೆಯೇ ಹೆಚ್ಚು. 2052H ಅನ್ನು ನಿಮ್ಮ ಪ್ರೋಗ್ರಾಮ್ ಓದಲೇ ಇಲ್ಲ, ಅದಕ್ಕೆ ಅದನ್ನು ಬದಲಿಸಿದರೂ ಏನೂ ಆಗಲಿಲ್ಲ. 2050H ಗೆ 13 ಹಾಕಿದಾಗ ಓದುವುದು 0A13H ನಿಂದ ಶುರುವಾಯಿತು, ಹೊಸದಾಗಿ 0A15H ಸೇರಿಕೊಂಡಿತು. ಡೇಟಾ ಅಂತ ಇಟ್ಟದ್ದು ಅಡ್ರೆಸ್ ಆಗಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

2000H ನಲ್ಲಿರುವ 2A ತೆಗೆದು 21 ಹಾಕಿ. ಬೇರೆ ಯಾವುದನ್ನೂ ಮುಟ್ಟಬೇಡಿ.

ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಎರಡೂ ಇನ್‌ಸ್ಟ್ರಕ್ಷನ್‌ಗೆ ಮೊದಲು ಆಪ್‌ಕೋಡ್ ಫೆಚ್, 4 ಟಿ-ಸ್ಟೇಟ್. ಆಮೇಲೆ 50 ಓದಲು 3, 20 ಓದಲು 3. ಇಲ್ಲಿಯ ತನಕ ಎರಡೂ ಒಂದೇ. LXI ನಲ್ಲಿ 50 ನೇರವಾಗಿ L ಗೆ, 20 ನೇರವಾಗಿ H ಗೆ ಹೋಗುತ್ತದೆ, ಕೆಲಸ ಮುಗಿಯಿತು. LHLD ನಲ್ಲಿ ಅವೆರಡೂ ನಮಗೆ ಕಾಣದ ಡಬ್ಲ್ಯೂ, ಝಡ್ ಅನ್ನುವ ಒಳಗಿನ ರಿಜಿಸ್ಟರ್‌ಗಳಲ್ಲಿ ಕೂರುತ್ತವೆ. ಪ್ರೊಸೆಸರ್ ಆ ಜೋಡಿಯನ್ನು ಅಡ್ರೆಸ್ ಬಸ್ ಮೇಲೆ ಇಟ್ಟು 2050H ಓದುತ್ತದೆ, 3. ಒಂದು ಸೇರಿಸಿ 2051H ಓದುತ್ತದೆ, ಮತ್ತೆ 3. ಒಟ್ಟು 16. ಕೋಡ್ ಶೀಟ್ ಸರಿಯಾಗಿದೆ.

ಹಿರಿಯೂರು ಪಾಲಿ

ಹಾಗಾದರೆ `ADD M` ಒಂದೇ ಬೈಟ್. ನನ್ನ ಲೆಕ್ಕದಲ್ಲಿ 4 ಆಗಬೇಕು. ಶೀಟ್‌ನಲ್ಲಿ 7 ಇದೆ. ಅದೂ ಇದೇ ಥರಾನಾ?

ದುರ್ಗದ ಲ್ಯಾಬ್

ಹೌದು. ನಿಮ್ಮ ಲೆಕ್ಕ ಇನ್‌ಸ್ಟ್ರಕ್ಷನ್ ತರುವುದಕ್ಕೆ ಬೇಕಾದಷ್ಟನ್ನು ಮಾತ್ರ ಎಣಿಸುತ್ತದೆ. ತಂದ ಮೇಲೆ ಡೇಟಾಕ್ಕಾಗಿ ಮೆಮೊರಿಗೆ ಮತ್ತೆ ಹೋಗಬೇಕಾ ಅನ್ನುವುದನ್ನು ಅಡ್ರೆಸಿಂಗ್ ಮೋಡ್ ಹೇಳುತ್ತದೆ. `ADD B` ಗೆ ಬೇಕಾದ್ದು ಒಳಗೇ ಇದೆ, 4 ಕ್ಕೆ ಮುಗಿಯುತ್ತದೆ. `ADD M` ಗೆ HL ತೋರಿಸುವ ಜಾಗವನ್ನು ಓದಬೇಕು, 4+3. `LDA` ಅಡ್ರೆಸ್ಸನ್ನೂ ತನ್ನ ಜೊತೆ ತರುತ್ತದೆ, ಅದನ್ನು ಓದಲು ಎರಡು ಸಲ, ಡೇಟಾಕ್ಕೆ ಒಂದು ಸಲ, 13. ಲೂಪ್‌ನಲ್ಲಿ `LDA` ಹಾಕದಿರುವುದು ಬರೀ ಟೈಮಿಗಾಗಿ ಅಲ್ಲ. ಅದರ ಅಡ್ರೆಸ್ ಪ್ರೋಗ್ರಾಮಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ, `INX H` ನಂಥದ್ದರಿಂದ ಮುಂದಕ್ಕೆ ತಳ್ಳಲು ಆಗುವುದಿಲ್ಲ.

ಫೆಚ್‌ಗೆ ಯಾವಾಗಲೂ 4 ಅಂತಲೂ ಬರೆಯಬೇಡಿ. `INX H` ಒಂದೇ ಮಷೀನ್ ಸೈಕಲ್, ಆದರೆ 6 ಟಿ-ಸ್ಟೇಟ್.

ನಂಬಿಕೆ ಬರದಿದ್ದರೆ ಸ್ಕೋಪ್‌ನಲ್ಲಿ ನೋಡಬಹುದು. ಪಿನ್ 30 ಎಎಲ್‌ಇ. ಮಷೀನ್ ಸೈಕಲ್ ಶುರುವಾದಾಗಲೆಲ್ಲ ಅದರ ಮೇಲೆ ಒಂದು ಪಲ್ಸ್ ಬರುತ್ತದೆ. ಇಷ್ಟು ಮಾತ್ರ ಹಾಕಿ ಓಡಿಸಿ.

```
2000  2A 50 20   LHLD 2050H
2003  C3 00 20   JMP 2000H
```

LHLD ಗೆ 5, JMP ಗೆ 3, ಒಂದು ಸುತ್ತಿಗೆ 8 ಪಲ್ಸ್. 2A ಜಾಗದಲ್ಲಿ 21 ಹಾಕಿದರೆ 6 ಪಲ್ಸ್. 6.144 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ ಒಳಗಿನ ಕ್ಲಾಕ್ ಅದರ ಅರ್ಧ, ಒಂದು ಟಿ-ಸ್ಟೇಟ್ ಸುಮಾರು 0.326 ಮೈಕ್ರೋಸೆಕೆಂಡ್. ಮೊದಲ ಲೂಪ್ 26 ಟಿ-ಸ್ಟೇಟ್, ಸುಮಾರು 8.5 ಮೈಕ್ರೋಸೆಕೆಂಡ್. ಎರಡನೆಯದು 20, ಸುಮಾರು 6.5. `DAD` ಮೇಲೆ ಮಾತ್ರ ಈ ಎಣಿಕೆ ಪ್ರಯೋಗ ಮಾಡಬೇಡಿ. ಅದರ ಎರಡನೇ, ಮೂರನೇ ಸೈಕಲ್‌ನಲ್ಲಿ ಬಸ್ಸಿಗೆ ಕೆಲಸ ಇಲ್ಲ, ಎಎಲ್‌ಇ ಪಲ್ಸೂ ಬರುವುದಿಲ್ಲ.

ಇಸಿ ದಾವಣಗೆರೆ

21 ಹಾಕಿದೆ, 25H ಬಂತು ಸರ್! 2052H ಗೆ 19H ಹಾಕಿದರೆ 35H ಬರುತ್ತಿದೆ.

ರೆಕಾರ್ಡ್‌ನಲ್ಲಿ ಪ್ರತಿ ಸಾಲಿನ ಮುಂದೆ ಮೋಡ್ ಬರೆಯಬೇಕು. `ADD M` ಗೆ ರಿಜಿಸ್ಟರ್ ಇಂಡೈರೆಕ್ಟ್ ಅಂತ ಬರೆದೆ. `XRA A` ಗೆ ನಮ್ಮ ಸರ್ ಇಂಪ್ಲೈಡ್ ಅನ್ನುತ್ತಾರೆ, ಪುಸ್ತಕದಲ್ಲಿ ರಿಜಿಸ್ಟರ್ ಅಂತ ಇದೆ. ಯಾವುದು?

ದುರ್ಗದ ಲ್ಯಾಬ್

ನಾನಾದರೆ ರಿಜಿಸ್ಟರ್ ಅನ್ನುತ್ತೇನೆ. `XRA` ಕೋಡ್‌ನ ಕೊನೆಯ ಮೂರು ಬಿಟ್ ಯಾವ ರಿಜಿಸ್ಟರ್ ಅಂತ ಹೇಳುತ್ತವೆ, A ಗೆ 111. ಹಾಗೆ 10101 ರ ಪಕ್ಕ 111 ಇಟ್ಟರೆ AF. ರಿಜಿಸ್ಟರ್ ಹೆಸರು ಕೋಡ್‌ನಲ್ಲೇ ಇರುವಾಗ ಇಂಪ್ಲೈಡ್ ಅನ್ನುವುದು ನನಗೆ ಒಪ್ಪಿಗೆಯಾಗದು. ಆದರೆ ಇನ್ನೊಂದು ಆಪರೆಂಡೂ ಅಕ್ಯುಮುಲೇಟರ್, ಉತ್ತರ ಹೋಗುವುದೂ ಅಲ್ಲಿಗೇ, ಅದನ್ನು ಎಲ್ಲೂ ಬರೆದಿಲ್ಲ. ನಿಮ್ಮ ಸರ್ ಅದನ್ನು ನೋಡಿ ಹೇಳುತ್ತಿರಬಹುದು. ವೈವಾದಲ್ಲಿ ಕೇಳಿದರೆ ಎರಡನ್ನೂ ಕಾರಣ ಕೊಟ್ಟು ಹೇಳಿ.

ಆ ಮೂರು ಬಿಟ್‌ನಲ್ಲಿ 110 ಯಾವ ರಿಜಿಸ್ಟರ್‌ಗೂ ಸೇರಿಲ್ಲ, ಅದನ್ನು M ಗೆ ಕೊಟ್ಟಿದ್ದಾರೆ. ಅದಕ್ಕೇ `ADD B` 80, `ADD M` 86. ಆ ಲೆಕ್ಕದಲ್ಲಿ `MOV M,M` ಗೆ 76 ಬರಬೇಕಿತ್ತು. ಅಂಥ ಇನ್‌ಸ್ಟ್ರಕ್ಷನ್ ಇಲ್ಲ, ಆ ಜಾಗವನ್ನು `HLT` ಗೆ ಬಿಟ್ಟಿದ್ದಾರೆ. ನಿಮ್ಮ ಪ್ರೋಗ್ರಾಮಿನ ಕೊನೆಯ ಸಾಲು ನೋಡಿ.

ಹಿರಿಯೂರು ಪಾಲಿ

ನಮ್ಮ ಕಿಟ್‌ನಲ್ಲಿ ಸ್ಕೋಪ್ ಹಾಕಿ ನೋಡಿದೆ. 8 ಪಲ್ಸ್ ಸರಿಯಾಗಿ ಬಂತು. ಆದರೆ ಒಂದು ಸುತ್ತಿಗೆ 8.5 ಅಲ್ಲ, 11 ಮೈಕ್ರೋಸೆಕೆಂಡ್ ತೋರಿಸುತ್ತಿದೆ. ಕ್ರಿಸ್ಟಲ್ ಮೇಲೆ 6.144 ಅಂತಲೇ ಇದೆ.

ದುರ್ಗದ ಲ್ಯಾಬ್

ಒಳ್ಳೆಯ ಅಳತೆ. ಒಂದೊಂದು ಮಷೀನ್ ಸೈಕಲ್‌ಗೂ ಒಂದೊಂದು ವೇಟ್ ಸ್ಟೇಟ್ ಸೇರಿದರೆ 26 ಕ್ಕೆ 8 ಕೂಡಿ 34 ಆಗುತ್ತದೆ, ಅದು ಹತ್ತಿರ ಹತ್ತಿರ 11 ಮೈಕ್ರೋಸೆಕೆಂಡ್. ನಿಧಾನ ಮೆಮೊರಿಗಾಗಿ ನಿಮ್ಮ ಬೋರ್ಡ್ ರೆಡಿ ಪಿನ್ನನ್ನು ಕೆಳಗೆ ಎಳೆಯುತ್ತಿರಬಹುದು. ನನ್ನದು ಇನ್ನೂ ಊಹೆ ಅಷ್ಟೆ. ಮೊದಲು ಪಿನ್ 37 ರಲ್ಲಿ ಕ್ಲಾಕ್ ನಿಜವಾಗಿ 3.072 ಇದೆಯಾ ನೋಡಿ, ಕ್ರಿಸ್ಟಲ್ ಮೇಲಿನ ನಂಬರ್ ಮಾತ್ರ ನೋಡಿ ಬಿಡಬೇಡಿ. ಆಮೇಲೆ ಲೂಪ್ ಓಡುವಾಗ ಪಿನ್ 35 ಕೆಳಗೆ ಹೋಗಿ ಬರುತ್ತದಾ ನೋಡಿ. LXI ಲೂಪ್ ಕೂಡ ಅಳೆಯಿರಿ. ಅದರಲ್ಲಿ 6 ಸೈಕಲ್, 20 ಕ್ಕೆ 6 ಸೇರಿ 26 ಆಗಿ 8.5 ಬರಬೇಕು. ಬೇರೆ ನಂಬರ್ ಬಂದರೆ ನನ್ನ ಊಹೆ ತಪ್ಪು, ಆಗ ಬೋರ್ಡಿನ ಸರ್ಕ್ಯೂಟ್ ಫೋಟೋ ಹಾಕಿ.