ಅಪ್‌ಡೇಟ್: ಪ್ರತಿಧ್ವನಿ ಕೊನೆಗೂ ತಾಳಕ್ಕೆ ಕೂತಿತು

ನನ್ನ ಪ್ರಶ್ನೆ: «ಶಿರಸಿಯ ಮನೆಯಲ್ಲಿ ಅಕ್ಕ ಹಾಡಿದ, ದಾದರಾ ತಾಳದ ಭಾವಗೀತೆ. ಟೆಂಪೋ ಲೆಕ್ಕ ಹಾಕಿಯೇ ಡಿಲೇ ಇಟ್ಟಿದ್ದೇನೆ. ಆದರೂ ಪ್ರತಿಧ್ವನಿ ತಬಲಾಕ್ಕೆ ಅಡ್ಡ ಬರುತ್ತಿದೆ. ಏಕೆ?»

ತಪ್ಪು ಸಿಕ್ಕಿದೆ. ನಾನು ಮೂರು ಮಾತ್ರೆಗೊಂದು ತಟ್ಟು ಎಣಿಸಿದ್ದೆ. ಮೊದಲ ತಟ್ಟನ್ನು ಸೊನ್ನೆ ಎಂದು ಹಿಡಿದರೆ 20 ಸೆಕೆಂಡಿಗೆ 24 ತಟ್ಟು, ಅಂದರೆ ನಿಮಿಷಕ್ಕೆ 72.

```
60000 / 72 = 833.3 ms
```

ಇಲ್ಲಿಯವರೆಗೆ ಸರಿ. ಆಮೇಲೆ ಅದನ್ನು ಅಭ್ಯಾಸಬಲದಿಂದ ಎರಡರಿಂದ ಭಾಗಿಸಿ 417 ಇಟ್ಟಿದ್ದೆ. ಆದರೆ ಈ ತಟ್ಟಿನೊಳಗೆ ಇರುವುದು ಮೂರು ಮಾತ್ರೆ. ಒಂದು ಮಾತ್ರೆಗೆ 278 ಮಿಲಿಸೆಕೆಂಡ್, ಎರಡಕ್ಕೆ 556. ನನ್ನ 417 ಇವೆರಡರ ನಟ್ಟನಡುವೆ ಬೀಳುತ್ತಿತ್ತು! 556 ಇಟ್ಟ ಕೂಡಲೇ ಪ್ರತಿಧ್ವನಿ ತಬಲಾದ ಪೆಟ್ಟಿನೊಳಗೆ ಸೇರಿಕೊಂಡಿತು.

ರಿವರ್ಬ್‌ನ ಪ್ರಿ-ಡಿಲೇಗೂ ಮಾತ್ರೆಯನ್ನೇ ಭಾಗಿಸಿದೆ. ಕಾಲು ಮಾತ್ರೆ, ಅಂದರೆ 69 ಇಟ್ಟಾಗ ಕಂಠದಿಂದ ರಿವರ್ಬ್ ಬೇರೆಯಾಗಿ ಕೇಳಿಸಿತು. ಅದರ ಅರ್ಧ, 35, ಹಿತವಾಗಿದೆ: ವ್ಯಂಜನಗಳು ಸ್ಪಷ್ಟ, ಗುಂಗು ಹಿಂದೆ.

ಇನ್ನೊಂದು ತೊಡಕಿತ್ತು. ಕ್ಲಿಕ್ ಇಲ್ಲದೆ ಹಾಡಿದ್ದರಿಂದ ಎರಡನೇ ಚರಣದಲ್ಲಿ ಲಯ 74ಕ್ಕೆ ಏರಿದೆ. ಅಲ್ಲಿ ಎರಡು ಮಾತ್ರೆಗೆ 541 ಸಾಕು. 15 ಮಿಲಿಸೆಕೆಂಡ್ ಅಲ್ಪವೆನಿಸಬಹುದು, ಆದರೆ ಮೂರನೇ ಮರುಕಳಿಕೆಯ ಹೊತ್ತಿಗೆ ಅದು 45 ಆಗಿ ಜೋಡಿಪೆಟ್ಟಿನಂತೆ ಕೇಳುತ್ತದೆ. ಆ ಚರಣದ ಧ್ವನಿಯನ್ನು ಬೇರೆ ಟ್ರ್ಯಾಕಿಗೆ ಹಾಕಿ, ಅದಕ್ಕೆ 541ರ ಡಿಲೇಯನ್ನೇ ಕೊಟ್ಟಿದ್ದೇನೆ. ಒಂದೇ ಡಿಲೇಯ ಸಮಯವನ್ನು ನಡುವೆ ಬದಲಿಸಿದಾಗ ಬಾಲದ ಶ್ರುತಿ ಜಾರಿತ್ತು.