ಅಪ್‌ಡೇಟ್: 12 ಗಂಟೆ ಡ್ಯೂಟಿಗೆ ಕ್ಲಾಗ್ಸ್, ಸಾಕ್ಸ್, ಸ್ಕ್ರಬ್ಸ್

ನಾನು ಕೇಳಿದ್ದು: "ರಾಯಚೂರಿನ ಸೆಕೆಯಲ್ಲಿ 12 ಗಂಟೆ ವಾರ್ಡ್ ಡ್ಯೂಟಿ. ಮೆತ್ತನೆ ಕ್ಲಾಗ್ಸ್ ಹಾಕಿದ್ರೂ ಹಿಮ್ಮಡಿ ನೋವು, ಬೆವರಿಗೆ ಬೊಬ್ಬೆ. ಏನ್ ಮಾಡ್ಲಿ?"

ನೋವು ಬಹಳ ಕಮ್ಮಿಯಾಗಿದೆ. "ಮೆತ್ತಗಿರೋದು ಬಿಡಿ, ಗಟ್ಟಿ ಅಡಿ ನೋಡಿ" ಅಂದ ಅಕ್ಕನ ಸಲಹೆಯೇ ಕೆಲಸ ಮಾಡಿತು. ಹಳೇ ಕ್ಲಾಗ್ಸ್‌ನ ಹಿಮ್ಮಡಿ ಜಾಗ ಹೆಬ್ಬೆರಳಲ್ಲಿ ಒತ್ತಿದರೆ ತಳದವರೆಗೂ ಕುಸಿಯುತ್ತಿತ್ತು, ಬೆರಳು ತೆಗೆದರೂ ಕುಳಿ ಹಾಗೇ ಉಳಿಯುತ್ತಿತ್ತು. ಹೊಸದು ಸ್ವಲ್ಪ ತಗ್ಗಿ ತಕ್ಷಣ ಮೇಲೇಳುತ್ತದೆ, ಮಡಚಿದರೆ ಬೆರಳುಗಳ ಹತ್ತಿರ ಮಾತ್ರ ಬಾಗುತ್ತದೆ. ಹಿಂದೆ ಪಟ್ಟಿ ಇದೆ, ಜಾರದಂತೆ ಬೆರಳು ಬಿಗಿ ಹಿಡಿಯಬೇಕಿಲ್ಲ. ಮೇಲೆ ತೂತಿಲ್ಲ, ಸೂಜಿ ಬಿದ್ದರೆ, ರಕ್ತ ಚೆಲ್ಲಿದರೆ ಕಾಲು ಮುಚ್ಚಿರಬೇಕು ಅಲ್ವಾ. ಡ್ಯೂಟಿ ಮುಗಿದು ಕಾಲು ಊದಿದ್ದಾಗಲೇ ಅಳತೆ ನೋಡಿ ತಗೊಂಡೆ.

ಜೆಲ್ ಇನ್ಸೋಲ್ ಆಗಿಬರಲಿಲ್ಲ. ಒಳಗೆ ಜಾಗ ಸಾಲದೆ ಬೆರಳು ಒತ್ತಿತು, ಬೆವರೂ ಜಾಸ್ತಿ.

ನನಗೆ ಗೊತ್ತೇ ಇರದಿದ್ದ ವಿಷಯ ಸಾಕ್ಸ್‌ದು. ಪೂರಾ ಕಾಟನ್ ಸಾಕ್ಸ್ ಬೆವರು ಹೀರಿ ಒದ್ದೆಯಾಗೇ ಇರುತ್ತದೆ, ಒದ್ದೆ ಚರ್ಮ ಉಜ್ಜಿ ಉಜ್ಜಿ ಬೊಬ್ಬೆ ಏಳುತ್ತದೆ. ಈಗ ಬೇಗ ಒಣಗುವ ಸ್ಪೋರ್ಟ್ಸ್ ಸಾಕ್ಸ್ ಹಾಕುತ್ತೇನೆ, ಊಟದ ಹೊತ್ತಿಗೆ ಕಾಲು ಒರೆಸಿ ಬೇರೆ ಜೊತೆ. ಸ್ಕ್ರಬ್ಸ್ ಕೂಡ ದಪ್ಪ ಕಾಟನ್ ಬಿಟ್ಟು ತೆಳು ಪಾಲಿಯೆಸ್ಟರ್-ವಿಸ್ಕೋಸ್ ತಗೊಂಡೆ, ಬೆನ್ನಿಗೆ ಅಂಟುವುದು ಕಮ್ಮಿಯಾಗಿದೆ.