“ನೀರು ಹೋಗ್ತಿಲ್ಲ”: ಒಳಕ್ಕೋ, ಹೊರಕ್ಕೋ?

ಬಳಗದವರಿಗೆ ನಮಸ್ಕಾರ.

ಹೋದ ವಾರ ಹಾಸನದಿಂದ ಅಮ್ಮ ಫೋನ್ ಮಾಡಿ, “ವಾಷಿಂಗ್ ಮಷೀನ್‌ಗೆ ನೀರು ಹೋಗ್ತಿಲ್ಲ ಕಣೋ, ತಿರುಗ್ತಾನೂ ಇಲ್ಲ” ಅಂದರು. ನಾನು ನಲ್ಲಿ ನೋಡಿ, ಪೈಪಿನ ಬಾಯಲ್ಲಿರುವ ಜಾಲರಿ ತೊಳೆಸಿ ಅಂದೆ. ಪಕ್ಕದ ಮನೆಯ ಹುಡುಗ ಬಂದು ಅರ್ಧ ಗಂಟೆ ಅದನ್ನೇ ಮಾಡಿದ. ಆಮೇಲೆ ನೋಡಿದರೆ ಡ್ರಮ್ಮಿನ ತುಂಬ ಸೋಪಿನ ನೀರು, ಪರದೆಯ ಮೇಲೆ OE. ಅಮ್ಮ ಹೇಳಿದ್ದು ನೀರು ಹೊರಗೆ ಹೋಗ್ತಿಲ್ಲ ಅಂತ. “ತಿರುಗ್ತಿಲ್ಲ” ಅಂದದ್ದೂ ಹಾಗೆಯೇ: ಒಗೆಯುವಾಗ ತಿರುಗಿತ್ತು, ಕೊನೆಯಲ್ಲಿ ಜೋರಾಗಿ ತಿರುಗಿ ನೀರು ತೆಗೆಯಬೇಕಲ್ಲ, ಅದು ಆಗಿರಲಿಲ್ಲ.

ಈ ಎರಡು ಕೆಲಸಕ್ಕೂ ಗೊಂದಲವಿಲ್ಲದ ಕ್ರಿಯಾಪದ ನಮ್ಮಲ್ಲಿ ಇಲ್ಲವೇ? ನಿಮ್ಮ ಮನೆಗಳಲ್ಲಿ ಏನನ್ನುತ್ತೀರಿ?

ಸಾಗರದಿಂದ:

ಇದೆಯಲ್ಲ, ಬಸಿ! ಅನ್ನ ಬಸಿಯುತ್ತೇವೆ, ಗಂಜಿ ಬಸಿಯುತ್ತೇವೆ, ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡುತ್ತೇವೆ. “ಮಷೀನು ನೀರು ಬಸಿಯುತ್ತಿಲ್ಲ” ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಎರಡನೆಯದಕ್ಕೆ ಹಿಂಡು.

ಮಂಡ್ಯದಿಂದ:

ನಮ್ಮ ಮನೆಯಲ್ಲೂ ಡ್ರೈಯರ್ ತಿರುಗುತ್ತಿರಲಿಲ್ಲ. ಎರಡು ತೊಟ್ಟಿಯ ಮಷೀನು. ನೋಡಿದರೆ ಮಗುವಿನ ಕಾಲುಚೀಲ ಡ್ರೈಯರಿನ ತೊಟ್ಟಿಯ ಕೆಳಗೆ ಜಾರಿ ಸಿಕ್ಕಿಕೊಂಡಿತ್ತು. ಬಟ್ಟೆಯ ಮೇಲೆ ಇಡುವ ಪ್ಲಾಸ್ಟಿಕ್ ತಟ್ಟೆಯನ್ನು ಮರೆಯದೆ ಇಡಿ.

ಹುಬ್ಬಳ್ಳಿಯಿಂದ:

ನನ್ನದು ಮಷೀನ್ ರಿಪೇರಿ ಕೆಲಸ. ನಮ್ಮ ಕಡೆ “ನೀರ ಹೋಗವಲ್ದು” ಅಂತಾರೆ, ನಾನೂ “ಒಳಗೋ ಹೊರಗೋ ಅಕ್ಕಾರ?” ಅಂತ ಕೇಳಿಯೇ ಹೊರಡುತ್ತೇನೆ.

ಸಾಗರದವರ ಬಸಿ ಚಂದದ ಮಾತು, ಆದರೆ ಅರ್ಧಕ್ಕೆ ಮಾತ್ರ ಹೊಂದುತ್ತದೆ. ಪಾತ್ರೆ ಬಗ್ಗಿಸಿದಾಗ ನೀರು ತಾನೇ ಇಳಿಯುವುದು ಬಸಿಯುವುದು. ಮೇಲಿನಿಂದ ಬಟ್ಟೆ ಹಾಕುವ ಬಹಳಷ್ಟು ಮಷೀನುಗಳಲ್ಲಿ ಹಾಗೆಯೇ: ತಳದ ವಾಲ್ವ್ ತೆರೆಯುತ್ತದೆ, ನೀರು ಇಳಿಯುತ್ತದೆ. ಅಂಥದ್ದರ ಪೈಪನ್ನು ಯಾರಾದರೂ ಕಿಟಕಿಗೆ ಎತ್ತಿ ಕಟ್ಟಿದರೆ ನೀರು ಒಳಗೇ ನಿಲ್ಲುತ್ತದೆ. ಪೈಪು ನೆಲದ ಮೇಲೆ ಇಳಿಜಾರಾಗಿ ಮಲಗಿರಬೇಕು.

ಮುಂದಿನ ಬಾಗಿಲಿನದ್ದರಲ್ಲಿ ಪಂಪು ನೀರನ್ನು ಎತ್ತಿ ಹಾಕುತ್ತದೆ. ಅಲ್ಲಿ ಮೊದಲು ಕಿವಿಗೊಡಬೇಕು. ಬರೀ ಸ್ಪಿನ್ ಇಟ್ಟು ಕೇಳಿ. ಗುಂಯ್ ಅಂತಿದ್ದೂ ನೀರು ಬರದಿದ್ದರೆ ಪೈಪು ಮಡಚಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಇದನ್ನು ಮನೆಯವರೇ ನೋಡಬಹುದು. ಸದ್ದೇ ಇಲ್ಲದಿದ್ದರೆ ಪಂಪೋ ವೈರೋ ಹೋಗಿರುವುದು ಹೆಚ್ಚು, ಆಗ ನಮ್ಮನ್ನು ಕರೆಯಿರಿ. ನೀರು ಖಾಲಿಯಾಗುವವರೆಗೆ ಮಷೀನು ಜೋರಾಗಿ ತಿರುಗುವುದೇ ಇಲ್ಲ. ಹಾಗಾಗಿ ಅಮ್ಮನವರ ಎರಡು ದೂರೂ ಒಂದೇ ರೋಗ.

ಮತ್ತೆ ನಾನು, ಹಾಸನದ ಮನೆಯಿಂದ:

ಶನಿವಾರ ಊರಿಗೆ ಬಂದು ಹುಬ್ಬಳ್ಳಿಯವರು ಹೇಳಿದಂತೆ ಕೇಳಿದೆ. ಗುಂಯ್ ಅನ್ನುತ್ತಿತ್ತು. ಪೈಪು ನೆಟ್ಟಗಿತ್ತು. ಪ್ಲಗ್ ಕಿತ್ತು, ಕೆಳಗಿನ ಬಲಮೂಲೆಯ ಪುಟ್ಟ ಬಾಗಿಲು ತೆರೆದೆ. ಅಲ್ಲಿರುವ ಸಣ್ಣ ಕೊಳವೆಯ ಬಿರಡೆ ತೆಗೆದು, ತಗ್ಗಾದ ತಟ್ಟೆಯಲ್ಲಿ ಒಂದೊಂದೇ ಸಲ ನೀರು ಹಿಡಿದೆವು. ಇದನ್ನು ಬಿಟ್ಟು ನೇರ ಫಿಲ್ಟರ್ ತಿರುಗಿಸಿದ್ದರೆ ಅಷ್ಟೂ ನೀರು ನೆಲಕ್ಕೆ ನುಗ್ಗುತ್ತಿತ್ತು. ಬಿಸಿನೀರಲ್ಲಿ ಒಗೆದಿದ್ದರಂತೂ ಆರುವವರೆಗೆ ಕಾಯಲೇಬೇಕು.

ಫಿಲ್ಟರ್ ಹೊರಬಂದಾಗ ಕೂದಲಿನ ಉಂಡೆ, ಎರಡು ರೂಪಾಯಿ ನಾಣ್ಯ, ಒಂದು ಪಿನ್ನು. ಆ ಕೂದಲು ಪಿನ್ನಿಗೆ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಗೂಡಿನೊಳಗೆ ಬೆರಳಿಟ್ಟು ಪಂಪಿನ ರೆಕ್ಕೆ ತಿರುಗಿಸಿದೆ, ಸಲೀಸಾಗಿರದೆ ಗಕ್ ಗಕ್ ಎಂದು ತಡೆದು ತಡೆದು ತಿರುಗಿತು. ಕೆಟ್ಟಿದೆಯೇನೋ ಎಂದು ಹೆದರಿದೆ.

ಹುಬ್ಬಳ್ಳಿಯಿಂದ:

ಕೆಟ್ಟಿಲ್ಲ. ಒಳಗೆ ಅಯಸ್ಕಾಂತ ಇದೆ, ಅದು ಹಾಗೆ ಹಿಡಿದು ಹಿಡಿದೇ ಬಿಡುವುದು. ಫಿಲ್ಟರನ್ನು ಬಿಗಿಯಾಗಿ ಕೂರಿಸಿ, ಇಲ್ಲದಿದ್ದರೆ ಸೋರುತ್ತದೆ.

ನಾನು:

ಕೂರಿಸಿದೆ, ನೀರು ಹೋಯಿತು. ಆದರೆ ಒಳಗಿದ್ದದ್ದು ಒಂದೇ ಒಂದು ಜಮಖಾನ. ಅದು ಒಂದು ಮಗ್ಗುಲಿಗೆ ಮುದ್ದೆಯಾಗಿ, ಮಷೀನು ನಿಧಾನ ಹೊರಳಾಡಿ UE ತೋರಿಸಿ ನಿಂತಿತು. ಬಿಡಿಸಿ ಹರಡಿ, ಜೊತೆಗೆ ಎರಡು ಟವೆಲ್ ಹಾಕಿದ ಮೇಲೆ ತಿರುಗಿತು.

ಸಾಗರದಿಂದ:

ಬಸಿಯನ್ನು ಪಂಪಿಗೆ ಹೇಳಲಾಗದು, ಒಪ್ಪಿದೆ. ಹಿಂಡು ಮಾತ್ರ ಇರಲಿ.

ನಾನು:

ಅದರಲ್ಲೂ ನನಗೆ ತಕರಾರಿದೆ. ಹಿಂಡುವುದೆಂದರೆ ತಿರುಚಿ ಒತ್ತುವುದು. ಇಲ್ಲಿ ಬಟ್ಟೆ ಡ್ರಮ್ಮಿನ ಗೋಡೆಗೆ ಅಂಟಿಕೊಂಡು, ನೀರು ತೂತುಗಳಿಂದ ಹೊರಕ್ಕೆ ಸಿಡಿಯುತ್ತದೆ. ಒದ್ದೆ ಸೊಪ್ಪಿನ ಕಟ್ಟನ್ನು ಕೊಡವುವುದಕ್ಕೆ ಇದು ಹೆಚ್ಚು ಹತ್ತಿರ. “ಮಷೀನು ಬಟ್ಟೆ ಕೊಡವುತ್ತಿಲ್ಲ” ಅಂದರೆ ನಿಮಗೆ ಅರ್ಥವಾದೀತೇ?

ಮೊದಲನೆಯದಕ್ಕೆ ಅಮ್ಮನೇ ದಾರಿ ಕಂಡುಕೊಂಡಿದ್ದಾರೆ. ಇವತ್ತು ಪಕ್ಕದ ಮನೆಯವರಿಗೆ ವಿವರಿಸುವಾಗ “ನೀರು ಹೋಗ್ತಿರಲಿಲ್ಲ” ಅನ್ನಲಿಲ್ಲ, “ನೀರು ಒಳಗೇ ನಿಂತುಬಿಟ್ಟಿತ್ತು” ಅಂದರು.